ಜಾಂಬೋಟಿ ವ್ಲಾಗಿನ ತಿರುವು

ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದೇ ಬಾಳೇಶನ ಹೊಟ್ಟೆಪಾಡು. ಬೆಳಗಾವಿಯ ಸದಾಶಿವನಗರದ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕೂತು ಹನ್ನೊಂದು ವರ್ಷ ಕಳೆದಿದ್ದ. ಗೆಳೆಯ ಚೇತನನಿಗೆ ಬೈಕ್ ಏರಿ ಸುತ್ತಿ ವ್ಲಾಗ್ ಮಾಡುವ ಹುಚ್ಚು. ಮಂಜು, ಮಿರ್ಚಿ ಬಜ್ಜಿ, ರಸ್ತೆ ದಾಟುವ ಎಮ್ಮೆ, ಮತ್ತೆ ಮಂಜು: ಸಿಕ್ಕಿದ್ದನ್ನೆಲ್ಲ ಅಂಟಿಸಿ ಯೂಟ್ಯೂಬಿಗೆ ಹಾಕುತ್ತಿದ್ದ. ನೋಡುವವರು ಅರ್ಧ ನಿಮಿಷಕ್ಕೇ ಬಿಟ್ಟು ಹೋಗುತ್ತಿದ್ದರು.

ನೋಡಲಾರದೆ ಬಾಳೇಶನೇ ಕೂರಿಸಿಕೊಂಡು ಕಲಿಸಿದ. ಎಲ್ಲಿಗೆ, ಯಾಕೆ ಹೊರಟಿದ್ದೀಯ ಎಂದು ಮೊದಲೇ ಹೇಳು, ಜನ ಅದಕ್ಕೆ ಕಾದು ಕೂರುತ್ತಾರೆ. ನಡುವೆ ಅಡ್ಡ ಬಂದು ದಾರಿ ಬದಲಿಸಿದ್ದು ಯಾವುದೋ ಅದೇ ತಿರುವು. ಹೋದದ್ದು ಸಿಕ್ಕಿತೋ ಇಲ್ಲವೋ, ನಿನಗೇನಾಯಿತು ಎಂಬುದು ಕೊನೆ. ಇದಕ್ಕೆ ಸೇರದ ಎಮ್ಮೆ ಎಷ್ಟೇ ಚೆಂದವಿದ್ದರೂ ತೆಗೆದುಬಿಡು ಎಂದ.

ಶ್ರಾವಣದ ಒಂದು ಭಾನುವಾರ ಇಬ್ಬರೂ ಜಾಂಬೋಟಿ ಕಾಡಿನ ಜಲಪಾತ ನೋಡಲು ಹೋದರು. ಹಳ್ಳ ದಾಟಿದರು, ಜಲಪಾತವನ್ನೂ ಕಂಡರು. ಅಲ್ಲಿ ಕ್ಯಾಮೆರಾ ಹಿಡಿದವನು ಬಾಳೇಶ, ಹಾಗಾಗಿ ಚಿತ್ರದಲ್ಲಿ ಚೇತನ ಒಬ್ಬನೇ. ಮರಳುವಾಗ ಹಳ್ಳದ ದಂಡೆಯಲ್ಲಿ ಚೇತನನ ಕಾಲು ಉಳುಕಿತು. ಬಾಳೇಶ ಜಿಗಣೆ ಕಡಿಸಿಕೊಳ್ಳುತ್ತ ಎರಡು ಮೈಲಿ ನಡೆದು ಜನ ಕರೆತಂದ. ಅವನು ಹೋಗುವಾಗ ಚೇತನ ಅವನ ಬೆನ್ನು ಕಾಣುವಂತೆ ಚಿತ್ರೀಕರಿಸಿ, "ಲಗೂ ಬಾರಪಾ ದೋಸ್ತ" ಎಂದಿದ್ದ.

ಯಾವ ಮದುವೆಯದಾದರೂ ಎರಡು ಪ್ರತಿ ಇಟ್ಟುಕೊಳ್ಳದೆ ಬಾಳೇಶ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಿದವನಲ್ಲ. ಆದರೆ ಮರುದಿನ ಮದುವೆಯೊಂದಕ್ಕೆ ಆ ಕಾರ್ಡ್ ಬೇಕಿತ್ತು. ಜಾಂಬೋಟಿಯಲ್ಲಿ ತೆಗೆದದ್ದನ್ನೆಲ್ಲ ಚೇತನನ ಡಿಸ್ಕಿಗೆ ತುಂಬಿ, ಅವನಲ್ಲಿದ್ದರೆ ನನ್ನಲ್ಲಿದ್ದ ಹಾಗೇ ಎಂದು ಕಾರ್ಡ್ ಖಾಲಿ ಮಾಡಿದ.

ವಾರದ ಮೇಲೆ ವ್ಲಾಗ್ ಬಂತು. ಮೊದಲು ಜಲಪಾತದ ಆಸೆ. ಆಮೇಲೆ ಹಳ್ಳ. ಅದರ ಬೆನ್ನಿಗೇ ನಡೆದುಹೋಗುತ್ತಿರುವ ಬಾಳೇಶನ ಬೆನ್ನು, ಚೇತನನ ಮಾತು ಅಳಿಸಿ ಹಾಕಿದ ದುಃಖದ ಸಂಗೀತ. "ಜೊತೆಗಾರ ಹೆದರಿ ಹೊಂಟ, ನಾ ನಿಂದರಲಿಲ್ಲ" ಎಂಬ ಧ್ವನಿ. ಕೊನೆಗೆ ಜಲಪಾತದಡಿ ಒಬ್ಬಂಟಿ ಚೇತನ. ನಲವತ್ತು ಸಾವಿರ ಜನ ನೋಡಿದರು. ಹೇಡಿ ಎಂದು ಬರೆದವರಿಗೆ ಲೆಕ್ಕವಿಲ್ಲ.

ಬಾಳೇಶನಿಗೆ ಮೈಯೆಲ್ಲ ಉರಿಯಿತು. ಒಂದು ತುಣುಕೂ ಸುಳ್ಳಲ್ಲ, ಜಾಗ ಮಾತ್ರ ಬದಲು. ಮೂಲ ವಿಡಿಯೋ ಕೊಡು ಎಂದು ಕೇಳಲು ಹೋದರೆ ಅಳಿಸಿಬಿಟ್ಟೆ ಎಂದ ಚೇತನ.

"ಕಾಲ ಉಳುಕಿದ್ದು ವಾಪಸ್ ಬರಾಕ ಹತ್ತಿದಾಗ, ಅದು ತಿರುವು ಹೆಂಗ ಆಗತೈತಿ? ಅಡ್ಡ ಬರೂದು ನಡುವ ಬೇಕಂತ ನೀನಽ ಹೇಳಿದ್ದಿ."

ಹನ್ನೊಂದು ವರ್ಷದ ವಿದ್ಯೆಯನ್ನು ಇಂಥವನ ಕೈಗಿಟ್ಟೆನಲ್ಲ ಎಂದು ಬಾಳೇಶನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಖಾನಾಪುರದ ಮನೆಗೆ ಹೋದಾಗ ತಾಯಿ ಸಾವಂತ್ರವ್ವ ನೆರೆಮನೆಯವರ ಫೋನಿನಲ್ಲಿ ಅದನ್ನು ನೋಡಿಯಾಗಿತ್ತು. ಬಾಳೇಶ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿದ. ಅವಳು ಪೂರ್ತಿ ಕೇಳಿದಳು.

"ಖರೇ ಇರಬೇಕಪಾ. ಆದರ ಹೋಗಾಂವ ನೀನಽ ಅದಿ ಅದರಾಗ, ನಾ ನನ್ನ ಕಣ್ಣಿಲೆ ನೋಡೇನಿ."