ಹನ್ನೆರಡು ಲಕ್ಷ ಮತ್ತು ಒಂಬತ್ತು ಲಕ್ಷ

ಶಿಡ್ಲಘಟ್ಟದ ರೇಷ್ಮೆ ನೂಲಿನ ಕಂಪನಿಯೊಂದರಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದಾಗ, ನಮ್ಮ ಯಜಮಾನರು ಚಿಂತಾಮಣಿಯಲ್ಲಿ ನೂಲಿಗೆ ಹುರಿ ಹಾಕುವ ಕಂಪನಿಯೊಂದರ ಶೇಕಡ ಎಂಬತ್ತು ಷೇರು ಕೊಂಡರು. ಉಳಿದ ಇಪ್ಪತ್ತು, ಅದನ್ನು ಕಟ್ಟಿ ಬೆಳೆಸಿದ ಹಿರಿಯ ಹೆಂಗಸಿನ ಹತ್ತಿರವೇ ಉಳಿಯಿತು. ಕೊಂಡ ದಿನಕ್ಕೆ ಎರಡನ್ನೂ ಸೇರಿಸಿ ಒಂದೇ ಬ್ಯಾಲೆನ್ಸ್ ಶೀಟ್ ಮಾಡುವ ಕೆಲಸ ನನಗೆ ಬಂತು.

ಷೇರಿನ ಲೆಕ್ಕ ಬೇಗ ಮುಗಿಯಿತು. ಚಿಂತಾಮಣಿ ಕಂಪನಿಯ ಆಸ್ತಿಯನ್ನು ಅಂದಿನ ಬೆಲೆಗೆ ಹಿಡಿದು ಸಾಲ ಕಳೆದರೆ ಎಪ್ಪತ್ತೈದು ಲಕ್ಷ. ಅದರಲ್ಲಿ ಹದಿನೈದು ಆಕೆಯ ಪಾಲು, ಅರವತ್ತು ನಮ್ಮದು. ನಾವು ಕೊಟ್ಟದ್ದು ಅರವತ್ತೆಂಟು. ಹೆಚ್ಚಿನ ಎಂಟು ಗುಡ್‌ವಿಲ್, ಅಂದರೆ ಕಂಪನಿಯ ಹೆಸರಿಗೆ ಕೊಟ್ಟ ಬೆಲೆ.

ಸಿಕ್ಕಿಕೊಂಡದ್ದು ಬಾಕಿಯಲ್ಲಿ. ನೂಲು ಕೊಟ್ಟ ಬಾಬ್ತು ಚಿಂತಾಮಣಿಯಿಂದ ನಮಗೆ ಹನ್ನೆರಡು ಲಕ್ಷ ಬರಬೇಕೆಂದು ನಮ್ಮ ಪುಸ್ತಕ ಹೇಳುತ್ತಿತ್ತು. ಅವರ ಪುಸ್ತಕದಲ್ಲಿ ಒಂಬತ್ತೇ. ಎರಡೂ ಒಂದೇ ಸಂಸ್ಥೆಯೆಂದು ತೋರಿಸುವಾಗ ಈ ಬಾಕಿ ಎರಡು ಕಡೆಯಿಂದಲೂ ಅಳಿದುಹೋಗಬೇಕು. ಹೊಂದದಿದ್ದರೆ ಅಳಿಸುವುದು ಹೇಗೆ? ಎರಡು ವಾರ ಅವರ ಗುಮಾಸ್ತರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಬಿಲ್ ಬಿಟ್ಟಿದ್ದೀರಿ ಎಂದು ನಾನು, ಬಂದದ್ದನ್ನೆಲ್ಲ ಬರೆದಿದ್ದೇವೆ ಎಂದು ಅವರು. ಕೊನೆಗೆ ನನ್ನ ದನಿಯೂ ಏರಿತು.

ತಡೆಯಲಾರದೆ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ಆ ಹಿರಿಯ ಹೆಂಗಸು ನನ್ನನ್ನು ಕೂರಿಸಿ, ಗೇಟಿನ ರಿಜಿಸ್ಟರ್ ಅನ್ನು ಗುಮಾಸ್ತರಿಂದ ತರಿಸಿದರು.

"ನೋಡಮ್ಮ, ನಿಮ್ಮ ವ್ಯಾನ್ ದಾರೀಲಿ ಕೆಟ್ಟು ನಿಂತಿತ್ತು. ಮಾಲು ನಮ್ಮ ಗೇಟಿಗೆ ಬಂದಿದ್ದು ಮಾರನೇ ದಿನ."

ಮೂರು ಲಕ್ಷದ ನೂಲು. ನಾವು ಕಳಿಸಿದ ದಿನವೇ ಬರೆದಿದ್ದೆವು, ಅವರು ತಲುಪಿದ ದಿನ. ಕಂಪನಿ ಕೊಂಡ ದಿನ ಅದು ದಾರಿಯಲ್ಲಿತ್ತು. ಅವರ ಕಡೆ ದಾರಿಯಲ್ಲಿರುವ ದಾಸ್ತಾನೆಂದು ಮೂರು ಸೇರಿಸಿ, ಕೊಡಬೇಕಾದದ್ದಕ್ಕೂ ಮೂರು ಸೇರಿಸಿದರೆ ಹನ್ನೆರಡಕ್ಕೆ ಹನ್ನೆರಡು. ಆಸ್ತಿ, ಸಾಲ ಎರಡೂ ಅಷ್ಟೇ ಏರುವುದರಿಂದ ಆಕೆಯ ಹದಿನೈದು ಲಕ್ಷ ಅಲುಗುವುದಿಲ್ಲ. ಗುಮಾಸ್ತರ ಮುಖ ನೋಡಲಾಗದೆ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ, ರಿಜಿಸ್ಟರ್ ಎತ್ತಿಕೊಂಡು ಒಳಗೆ ಹೋದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಯಜಮಾನರಿಗೆ ಬ್ಯಾಂಕಿಗೆ ತೋರಿಸಲು ಆಸ್ತಿಯ ಮೊತ್ತ ದೊಡ್ಡದಾಗಿ ಬೇಕಿತ್ತು.

"ನಮ್ದು ಎಂಬತ್ತೇ ತಾನೇ ಇರೋದು? ಬಾಕೀಲೂ ಎಂಬತ್ತರಷ್ಟೇ ತೆಗೀರಮ್ಮ. ಮಿಕ್ಕಿದ್ದು ಆಯಮ್ಮಂದು."

ಹಿಡಿತ ನಮ್ಮದಾದ ಮೇಲೆ ಚಿಂತಾಮಣಿಯ ಆಸ್ತಿ, ಸಾಲ ಪೂರ್ತಿ ಸೇರುತ್ತವೆ, ಆದ್ದರಿಂದ ಬಾಕಿಯೂ ಪೂರ್ತಿ ಹೋಗಬೇಕು. ಆಕೆಯ ಪಾಲು ಬಂಡವಾಳದ ಕಡೆ ಬೇರೆ ಸಾಲಿನಲ್ಲಿ ನಿಲ್ಲುತ್ತದೆ ಎಂದು ಮೂರು ಸಲ ಹೇಳಿದೆ. ಅವರು ಕೇಳಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಆಡಿಟರ್ ಹತ್ತಿರ ಹೋದಾಗ ಅವರು ಅದೇ ಮಾತನ್ನು ಒಂದು ನಿಮಿಷದಲ್ಲಿ ಹೇಳಿದರು; ಯಜಮಾನರು ಒಪ್ಪಿ ಸಹಿ ಹಾಕಿದರು.

ಅಲ್ಲಿಂದ ಬಸ್ಸಿನಲ್ಲಿ ವಾಪಸ್ಸು ಬರುವಾಗ ಯಾಕೋ ಸಮಾಧಾನವಾಗಲಿಲ್ಲ. ಚಿಂತಾಮಣಿಯ ಆ ಗುಮಾಸ್ತರು ನಾನು ಕ್ಷಮೆ ಕೇಳಿದ ದಿನದಿಂದಲೇ ನನ್ನ ಫೋನ್ ಎತ್ತುವುದನ್ನು ಬಿಟ್ಟರು. ಏನಿದ್ದರೂ ಕಾಗದದಲ್ಲಿ ಕೇಳಿ ಎಂದು ಬೇರೆಯವರ ಕೈಲಿ ಹೇಳಿಸಿದರು.