ಮೂವತ್ತೊಂದು ಪಾತ್ರಗಳ ನೀಲಮ್ಮ ಅಕ್ಕೋರು

ಮಕ್ಕಳಿಗೆಂದು ತಾವೇ ಬರೆದ ನಾಟಕದ ಪ್ರತಿ ಮಾತನ್ನೂ ನೀಲಮ್ಮ ಅಕ್ಕೋರು ಮೊದಲು ಓಡುತ್ತ ಹೇಳಿ ನೋಡುತ್ತಿದ್ದರು. ಐವತ್ತೊಂಬತ್ತರ ವಯಸ್ಸಿನಲ್ಲಿ, ಸೆರಗು ಸಿಕ್ಕಿಸಿಕೊಂಡು, ಬ್ಯಾಡಗಿಯ ನಮ್ಮ ಪ್ರಾಥಮಿಕ ಶಾಲೆಯ ಅಂಗಳದಲ್ಲಿ! ನಡುವೆ ಉಸಿರು ಸಾಲದಿದ್ದರೆ ಆ ಮಾತಿಗೆ ಕತ್ತರಿ. “ಮೂರನೇ ಕ್ಲಾಸಿನ ಹುಡುಗ್ರದಾವರಿ. ಒಂದ ಉಸಿರಿಗೆ ಒಂದ ಮಾತು, ಸಾಕು” ಅನ್ನೋರು.

ಅವರು ಕಲಿಸುತ್ತಿದ್ದ ತರಗತಿಯಲ್ಲಿ ಮೂವತ್ತೊಂದು ಮಕ್ಕಳು, ನಾಟಕದಲ್ಲಿ ಮೂವತ್ತೊಂದು ಪಾತ್ರ. ಅಂಗಳದಲ್ಲಿ ಮೆಣಸಿನಕಾಯಿ ಒಣಗುತ್ತಿವೆ, ಮೋಡ ಗುಡುಗುತ್ತದೆ. ಕಾಯಿ ಒಳಗೆ ಒಯ್ಯಿರೆಂದು ಅಜ್ಜಿ ಕೂಗಿದರೆ ಕಸಬರಿಗೆ, ಚೀಲ, ಎತ್ತು, ಕಾಗೆ ಒಬ್ಬೊಬ್ಬರೇ ಎದ್ದು “ನಂದಲ್ಲವ್ವಾ ಈ ಕೆಲಸ!” ಎಂದು ಕೂತುಬಿಡುತ್ತಾರೆ. ಎಲ್ಲರಿಗೂ ಅದೇ ಮಾತು, ಮರೆಯುವ ಪ್ರಶ್ನೆಯೇ ಇಲ್ಲ. ಹಿಂದಿನವ ಕೂತ ಕೂಡಲೇ ಮುಂದಿನವ ಏಳಬೇಕು, ಅದೇ ಗುರುತು. ಕೊನೆಗೆ ಇರುವೆ ಎದ್ದು “ನಾ ಒಂದ ಒಯ್ತೀನಿ!” ಎನ್ನುತ್ತದೆ. ನಾಚಿಕೊಂಡು ಎಲ್ಲರೂ ಕೈಹಚ್ಚುತ್ತಾರೆ.

“ನೀತಿ ಎಲ್ಲೈತ್ರಿ?” ಎಂದೆ, ಆಗಿನ್ನೂ ಹೊಸ ಮಾಸ್ತರ ನಾನು.

“ಬಾಯಾಗ ತುರುಕಬ್ಯಾಡ್ರಿ ಮಾಸ್ತರ, ಕೈಯಾಗ ಕೊಡ್ರಿ.”

ವಾರ್ಷಿಕೋತ್ಸವಕ್ಕೆ ನಾಲ್ಕು ದಿನವಿದ್ದಾಗ ಹೆಡ್‌ಮಾಸ್ತರರು ಅಕ್ಕೋರನ್ನು ಬಿಟ್ಟು ನನ್ನನ್ನು ಕರೆದರು. ಸನ್ಮಾನಗಳಿಗೇ ಹೊತ್ತು ಸಾಲದಂತೆ! ಊರ ಮುಖಂಡರೊಬ್ಬರ ಮೊಮ್ಮಗನಿಗೆ ದೊಡ್ಡ ಮಾತು ಬೇಕಂತೆ! ಎಂಟೇ ಪಾತ್ರ ಇರಲಿ ಎಂದರು. ನಾಚಿಕೆಗೆಟ್ಟ ನಾನು ಇಪ್ಪತ್ಮೂರನ್ನು ಹೊಡೆದುಹಾಕಿದೆ. ಇರುವೆಯ ಜಾಗದಲ್ಲಿ ಆ ಮೊಮ್ಮಗನ ಬಾಯಿಗೆ ಅರ್ಧ ಪುಟ ನೀತಿ ಬರೆದುಕೊಟ್ಟೆ.

ಹಾಳೆ ನೋಡಿ ಅಕ್ಕೋರು ಕೆಂಡವಾದರು. “ಇಪ್ಪತ್ಮೂರು ಮಂದಿ ಚಪ್ಪಾಳಿ ಬಡೀಲಿಕ್ಕ ಹುಟ್ಟ್ಯಾರೇನ್ರಿ? ನಿಮ್ಮ ಕೈಗೆ ಪೆನ್ನು ಕೊಟ್ಟವರು ಯಾರ್ರಿ?” ಹೆಡ್‌ಮಾಸ್ತರರ ಎದುರೂ ಕೂಗಾಡಿದರು. ಆತ ಜಗ್ಗಲಿಲ್ಲ.

ವಾರ್ಷಿಕೋತ್ಸವದ ದಿನ ಶಾಲು, ಹಾರ, ಭಾಷಣಗಳೇ ಎರಡು ತಾಸು ತಿಂದವು. ಥೂ! ಕೊನೆಗೂ ನಾಟಕ ಬಂತು. ಆ ಹುಡುಗ ಮೂರನೇ ವಾಕ್ಯಕ್ಕೇ ತಡವರಿಸಿದ. ಪಾಪ, ತಪ್ಪು ಅವನದಲ್ಲ, ಅದು ನನ್ನ ಉದ್ದುದ್ದ ಮಾತು. ಅಳುತ್ತ ವೇದಿಕೆಯ ಮೇಲೇ ಕೂತುಬಿಟ್ಟ.

ಅವನು ಕೂತದ್ದೇ ತಡ, ಕೆಳಗೆ ಜಮಖಾನೆಯ ಮೇಲಿದ್ದ ರೇಣುಕಾ ಎದ್ದಳು. ನಾನು ಹೊಡೆದುಹಾಕಿದ್ದ ಇರುವೆ ಅವಳೇ. “ನಾ ಒಂದ ಒಯ್ತೀನಿ!” ಎಂದು ಒದರಿ, ವೇದಿಕೆ ಹತ್ತಿ ಒಂದು ಮೆಣಸಿನಕಾಯಿ ಎತ್ತಿದಳು. ಹಿಂದೆಯೇ ಉಳಿದ ಇಪ್ಪತ್ತೆರಡೂ ಮಕ್ಕಳು ಎದ್ದು ಹತ್ತಿದರು. ಅಳುತ್ತಿದ್ದ ಹುಡುಗನೂ ಮೂಗೊರೆಸಿಕೊಂಡು ಒಂದು ಆಯ್ದ. ಜನ ಎದ್ದು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ತಮ್ಮದೇ ಯೋಜನೆ ಎಂಬಂತೆ ಕೈಮುಗಿದು ನಿಂತಿದ್ದರು, ಎಂಥ ಮುಖವಪ್ಪಾ!

ಅಕ್ಕೋರು ನಿವೃತ್ತರಾದ ಮೇಲೆ ಹಾವೇರಿಯ ಅವರ ಮನೆಗೆ ಹೋಗಿ ತಪ್ಪಾಯಿತು ಎಂದೆ. ಚಹಾ ಕೊಟ್ಟರು, ಕ್ಷಮೆ ಕೊಡಲಿಲ್ಲ. “ನನಗ್ಯಾಕ ಹೇಳ್ತೀರಿ? ಆ ಇಪ್ಪತ್ಮೂರು ಹುಡುಗ್ರಿಗೆ ಹೇಳ್ರಿ.”

ಅಕ್ಕೋರು ತೀರಿಕೊಂಡು ವರ್ಷವಾಯಿತು. ಆ ಮಕ್ಕಳು ಈಗ ಏಳನೇ ತರಗತಿ, ಬರುವ ತಿಂಗಳು ಶಾಲೆ ಬಿಡುತ್ತಾರೆ. ದಿನಾ ಹಾಜರಿ ಕೂಗುತ್ತೇನೆ, ರೇಣುಕಾ ಎದ್ದು ನಿಲ್ಲುತ್ತಾಳೆ. ಒಂದೇ ಉಸಿರಿನ ಮಾತು, ನಾನಿನ್ನೂ ಹೇಳಿಲ್ಲ.