ಭಾನುಪ್ರಿಯ ಎಷ್ಟು ದಿನ ಇರುತ್ತಾಳೆ?

ಹೊಂಗನೂರಿನ ಭಾನುಪ್ರಿಯ ಎರಡು ವರ್ಷದಲ್ಲಿ ಮೂರು ಫ್ಯಾಕ್ಟರಿ ಕಂಡಿದ್ದಳು. ನಾಲ್ಕನೆಯದಕ್ಕೆಂದು ಬಿಡದಿಗೆ ಇಂಟರ್‌ವ್ಯೂಗೆ ಹೊರಟಾಗ ತಮ್ಮ ದೀಪು ಬುದ್ಧಿ ಹೇಳಿದ: "ಎರಡು ಕಡೇದು ಹೇಳ್ಲೇಬ್ಯಾಡ ಕಣಕ್ಕ, ನಿಲ್ಲದೋಳು ಅಂದ್ಕತಾರೆ."

"ಪಿಎಫ್ ನಂಬರ್ ಹಾಕುದ್ರೆ ಎಲ್ಲಾ ಕಾಣ್ತದೆ ಕಣ್ಲಾ. ಮುಚ್ಚಿಟ್ಟು ಸಿಕ್ಕಾಕೊಳ್ಳೋಕಿಂತ ಹೇಳೋದೇ ವಾಸಿ" ಎಂದು ಅವಳು ಬಸ್ಸು ಹತ್ತಿದಳು.

ಕಾರಿನ ಬಿಡಿಭಾಗ ಮಾಡುವ ಕಂಪನಿ ಅದು. ಎಚ್‌ಆರ್ ಸಾಹೇಬರು ಅವಳ ರೆಸ್ಯೂಮೆಯ ಮೇಲೆ ಪೆನ್ನು ಕುಟ್ಟುತ್ತ, "ಏನಮ್ಮ, ಎಲ್ಲೂ ಒಂದು ವರ್ಷ ತುಂಬಿಲ್ಲವಲ್ಲ?" ಎಂದರು.

ಹಳೆಯ ಕಂಪನಿಗಳನ್ನು ಬೈಯಲು ನಾಲಿಗೆ ತುರಿಸುತ್ತಿತ್ತು. ಭಾನುಪ್ರಿಯ ಬೈಯಲಿಲ್ಲ.

"ಮೊದ್ಲಿನ ಎರಡೂ ಕಾಂಟ್ರಾಕ್ಟು ಸಾರ್. ಆರ್ಡರ್ ಮುಗೀತು, ನಮ್ ಬ್ಯಾಚನ್ನೇ ಬುಟ್ರು. ಮೂರನೇದು ಮಾತ್ರ ನಾನೇ ಬುಟ್ಟಿದ್ದು. ಸೆಕೆಂಡ್ ಶಿಫ್ಟಿಗೆ ಹಾಕುದ್ರು, ಕಂಪನಿ ಗಾಡಿ ರಾತ್ರಿ ಚನ್ನಪಟ್ಟಣಕ್ಕೆ ಬುಡೋದು, ಅಷ್ಟೊತ್ನಲ್ಲಿ ಅಲ್ಲಿಂದ ಊರಿಗೆ ಬಸ್ಸಿಲ್ಲ. ತಿಂಗ್ಳು ಮುಂಚೆ ಹೇಳಿ, ಹೊಸ ಹುಡುಗೀಗೆ ಕೆಲಸ ಕಲಿಸಿ ಬಂದೆ. ಮೂರು ಕಡೇನೂ ಮಾಡಿದ್ದು ಒಂದೇ ಕೆಲಸ, ಪೀಸ್ ಚೆಕಿಂಗು. ಮೂರನೇ ಕಂಪನಿ ಸೂಪರ್‌ವೈಸರ್ ನಂಬರ್ ಕೊಡ್ತೀನಿ, ಕೇಳಿ ನೋಡಿ."

ಸಾಹೇಬರು ಅಲ್ಲೇ ಫೋನ್ ಮಾಡಿ ಕೇಳಿದರು. ಅವಳು ಹೇಳಿದ್ದೇ ಅಲ್ಲಿಂದಲೂ ಬಂತು.

"ಸರಿ ಕಣಮ್ಮ. ಆದ್ರೆ ನಮಗೆ ನಿಲ್ಲೋ ಜನ ಬೇಕು. ನೀನು ಎಷ್ಟು ದಿನ ಇರ್ತೀಯ?"

"ಕೆಲಸ ಡೇ ಶಿಫ್ಟಾ ಸಾರ್? ಎಷ್ಟು ದಿನದ್ದು?"

ಸಾಹೇಬರು ಒಮ್ಮೆ ಕೆಮ್ಮಿದರು. "ಡೇ ಶಿಫ್ಟೇ. ಸದ್ಯಕ್ಕೆ ಹನ್ನೊಂದು ತಿಂಗಳ ಕಾಂಟ್ರಾಕ್ಟು."

"ಹಂಗಾದ್ರೆ ಹನ್ನೊಂದು ತಿಂಗ್ಳು ನಾನು ಎಲ್ಗೂ ಹೋಗಕಿಲ್ಲ. ಆಮೇಲಿಂದು ನೀವೇ ಹೇಳ್ಬೇಕು ಸಾರ್, ನೀವು ನಿಲ್ತೀರಾ ಅಂತ."